ಆಯಿಗೆ ಎಂಬತ್ತರ ಹುಟ್ಟುಹಬ್ಬದ ಶುಭಾಶಯಗಳು

ಪ್ರೀತಿಯ ಆಯಿ,

ಹುಟ್ಟುಹಬ್ಬದ ಶುಭಾಶಯಗಳು! ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ತವರಿನವರು ಎಲ್ಲರೂ ಸೇರಿ ಬರೆಸಿದ ಪತ್ರವಿದು. ಏನು ಬರೆಯಬೇಕೆಂದು ಒಂದು ವಾರ ಜಗಳವಾಡಿದ್ದೇವೆ, ನಿನ್ನ ಮನೆಯವರಲ್ಲವೇ!

ಎಲ್ಲರೂ ಒಪ್ಪಿದ ಸಂಗತಿ ತೊಡದೇವಿನದು. ಆಲೆಮನೆಯಿಂದ ಕಬ್ಬಿನ ಹಾಲು ಬಂದ ದಿನ ನೀನು ಒಲೆಯ ಮೇಲೆ ಮಡಕೆ ಬೋರಲು ಹಾಕಿ, ಬಟ್ಟೆ ಸುತ್ತಿದ ಕೋಲನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಬೀಸಿಗೆ ಎಳೆಯುತ್ತೀಯೆ. ಕಾಗದದಷ್ಟು ತೆಳ್ಳಗಿನ ಅದನ್ನು ಹರಿಯದಂತೆ ಎಬ್ಬಿಸಿ ಮಡಚುವುದು ಸೊಸೆಯಂದಿರಿಗೆ ಇನ್ನೂ ಕೈಗೆ ಹತ್ತಿಲ್ಲ. ಹರಿದದ್ದೆಲ್ಲ ಮೊಮ್ಮಕ್ಕಳ ಪಾಲು, ಹಾಗಾಗಿ ಅವರದೇನೂ ತಕರಾರಿಲ್ಲ.

ಶಿರಸಿಯ ಮಾರಿಕಾಂಬಾ ಜಾತ್ರೆಯ ವರ್ಷ ಜಗಲಿಯ ತುಂಬ ಹಾಸಿಗೆ ಹಾಸಿ, ಯಾರು ಎಷ್ಟು ಹೊತ್ತಿಗೆ ಬಂದರೂ ಅಪ್ಪೆಹುಳಿ ಅನ್ನ ಬಡಿಸಿದವಳು ನೀನು. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದು, ಬೆಳಿಗ್ಗೆ ಭಾಗವತರ ತಾಳ ತಪ್ಪಿದ್ದನ್ನು ಎತ್ತಿ ಆಡುವವಳೂ ನೀನೇ. ಅಡಿಕೆ ಸುಲಿಯುವಾಗಿನ ನಿನ್ನ ಮಾತು ಕೇಳಲೆಂದೇ ಪಕ್ಕದ ಮನೆಯವರು ಮೆಟ್ಟುಗತ್ತಿ ಹಿಡಿದು ಬರುತ್ತಾರೆ.

ನಿನ್ನ ನಗು, ನಿನ್ನ ಗದರಿಕೆ ಹೀಗೆಯೇ ಇರಲಿ. ಮಾರಿಕಾಂಬೆ ನಿನಗೆ ಆರೋಗ್ಯ, ನೆಮ್ಮದಿ ಕೊಡಲಿ. ಭಾನುವಾರ ಎಲ್ಲರೂ ಬರುತ್ತಿದ್ದೇವೆ. ಅಡಿಗೆ ಭಟ್ಟರಿಗೆ ಹೇಳಿಯಾಗಿದೆ. ದಯವಿಟ್ಟು ಅಂದು ಅಡುಗೆಮನೆಗೆ ಕಾಲಿಡಬೇಡ. ಇಡುತ್ತೀಯೆಂದು ಗೊತ್ತು.

ನಮಸ್ಕಾರಗಳೊಂದಿಗೆ,
ಶಿರಸಿ, ಯಲ್ಲಾಪುರ, ಕಾರವಾರ, ಹುಬ್ಬಳ್ಳಿ, ಬೆಂಗಳೂರಿನ ನಿನ್ನ ಮನೆಮಂದಿ