‘ತೋಟದಾಚೆ’ ಚಾನೆಲ್‌ನ ಮೂವರು ಪಾಲುದಾರರ ಒಪ್ಪಂದ

2026ರ ಏಪ್ರಿಲ್ 1ರಂದು ಮಡಿಕೇರಿಯಲ್ಲಿ ಪೊನ್ನಂಪೇಟೆಯ ಬೋಪಣ್ಣ, ಮಡಿಕೇರಿಯ ಅಕ್ಷತಾ, ಕುಶಾಲನಗರದ ಇರ್ಫಾನ್ ಸೇರಿ ಮಾಡಿಕೊಂಡ ಒಪ್ಪಂದ ಇದು. ನಾವು ಗೆಳೆಯರು, ಬಾಯಿಮಾತಲ್ಲೇ ಇಷ್ಟು ದಿನ ನಡೆಯಿತು. ಈಗ ‘ತೋಟದಾಚೆ’ ಯೂಟ್ಯೂಬ್ ಚಾನೆಲ್‌ಗೆ ಜಾಹೀರಾತಿನ ದುಡ್ಡು ಬರಲು ಶುರುವಾಗಿದೆ. ಮನಸ್ತಾಪ ಬರುವ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು ಎಂದು ಮೂವರೂ ಒಪ್ಪಿದ್ದೇವೆ.

1. ನಮ್ಮ ಸಂಬಂಧ

ಲಾಭ ಹಂಚಿಕೊಳ್ಳಲು ಒಟ್ಟಿಗೆ ಕೆಲಸ ಮಾಡುವವರು ಕಾನೂನಿನ ಕಣ್ಣಲ್ಲಿ ಪಾಲುದಾರರು. ಹಾಗಾಗಿ ಇದು 1932ರ ಪಾಲುದಾರಿಕೆ ಕಾಯ್ದೆಯಡಿ ಒಂದು ಫರ್ಮ್, ಹೆಸರು ‘ತೋಟದಾಚೆ’. ನೋಂದಣಿಯಾಗದ ಫರ್ಮ್‌ನ ಪಾಲುದಾರ ಒಪ್ಪಂದದ ಹಕ್ಕಿಗಾಗಿ ಇನ್ನೊಬ್ಬನ ಮೇಲೆ ದಾವೆ ಹಾಕಲು ಆಗುವುದಿಲ್ಲ. ಆದ್ದರಿಂದ ಈ ವರ್ಷ ಸೆಪ್ಟೆಂಬರ್ 30ರೊಳಗೆ ನೋಂದಣಿ ಮಾಡಿಸುತ್ತೇವೆ. ಪ್ಯಾನ್ ಮತ್ತು ಬ್ಯಾಂಕ್ ಕರೆಂಟ್ ಅಕೌಂಟ್ ಫರ್ಮ್ ಹೆಸರಲ್ಲೇ ಇರುತ್ತವೆ. ಚೆಕ್‌ಗೆ ಯಾರಾದರೂ ಇಬ್ಬರ ಸಹಿ ಬೇಕು.

2. ಯಾರ ಕೆಲಸ ಏನು

ಬೋಪಣ್ಣ: ಶೂಟಿಂಗ್, ಡ್ರೋನ್, ಜೀಪು, ಊರವರ ಹತ್ತಿರ ಮಾತಾಡಿ ಜಾಗ ಹೊಂದಿಸುವುದು.
ಅಕ್ಷತಾ: ವಿಷಯ ಆಯ್ಕೆ, ಸ್ಕ್ರಿಪ್ಟ್, ದನಿ, ಕ್ಯಾಮೆರಾ ಮುಂದೆ ಮಾತು.
ಇರ್ಫಾನ್: ಎಡಿಟಿಂಗ್, ತಂಬ್‌ನೇಲ್, ಅಪ್‌ಲೋಡ್, ಕಾಮೆಂಟ್ ನೋಡಿಕೊಳ್ಳುವುದು, ತಿಂಗಳ ಲೆಕ್ಕ.

ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕಬಹುದು, ಆದರೆ ಕೊನೆಯ ಮಾತು ಆ ಕೆಲಸದವರದ್ದು. ಜನವರಿ, ಫೆಬ್ರವರಿಯಲ್ಲಿ ಬೋಪಣ್ಣನ ತೋಟದಲ್ಲಿ ರೋಬಸ್ಟಾ ಕೊಯ್ಲು. ಆಗ ಅವನು ಶೂಟಿಂಗ್‌ಗೆ ಬರದಿದ್ದರೆ ಅದು ತಪ್ಪಲ್ಲ. ಆ ಎರಡು ತಿಂಗಳಿಗೆ ಬೇಕಾದ ವಿಡಿಯೋಗಳನ್ನು ಡಿಸೆಂಬರ್ ಮುಗಿಯುವ ಮೊದಲೇ ತೆಗೆದಿಡಬೇಕು.

ಸಾಮಾನ್ಯ ವಿಷಯಗಳಿಗೆ ಮೂವರಲ್ಲಿ ಇಬ್ಬರು ಒಪ್ಪಿದರೆ ಸಾಕು. ಆದರೆ ಐನ್‌ಮನೆ, ದೇವರಕಾಡು, ಯಾರದಾದರೂ ಮನೆಯ ಸಾವು ಅಥವಾ ಜಗಳ, ಒಂದು ಸಮುದಾಯದ ಆಚರಣೆ, ಇವುಗಳ ವಿಡಿಯೋಗೆ ಮೂವರೂ ಒಪ್ಪಬೇಕು. ಒಬ್ಬರು ಬೇಡ ಎಂದರೆ ಬೇಡ, ಕಾರಣ ಹೇಳಬೇಕಾಗಿಯೂ ಇಲ್ಲ. ಐನ್‌ಮನೆಯಾದರೆ ಒಕ್ಕದ ಹಿರಿಯರ ಒಪ್ಪಿಗೆಯನ್ನು ಮೊದಲು ಕೇಳಬೇಕು. ಕಾಡಿನ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡ್ರೋನ್ ಹಾರಿಸಬಾರದು. ಹಾರಿಸಿ ದಂಡ ಬಿದ್ದರೆ ಹಾರಿಸಿದವರೇ ಕಟ್ಟಬೇಕು.

ಬೆಟ್ಟಿಂಗ್ ಆ್ಯಪ್ ಜಾಹೀರಾತು ಎಷ್ಟು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಹೋಂಸ್ಟೇಯವರು ಪುಕ್ಕಟೆ ಇಳಿಸಿದ್ದರೆ ಅದನ್ನು ವಿಡಿಯೋದಲ್ಲೇ ಹೇಳಬೇಕು, ಅಪ್‌ಲೋಡ್ ಮಾಡುವಾಗ ಪೇಡ್ ಪ್ರಮೋಷನ್ ಗುರುತನ್ನೂ ಹಾಕಬೇಕು. ರೂಮು ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎನ್ನುವ ಸ್ವಾತಂತ್ರ್ಯ ಅಕ್ಷತಾಳಿಗೆ ಇದೆ. ಇದನ್ನು ಹೋಂಸ್ಟೇಯವರಿಗೆ ಮೊದಲೇ ತಿಳಿಸುವುದು ಬೋಪಣ್ಣನ ಕೆಲಸ.

3. ದುಡ್ಡು

ಯೂಟ್ಯೂಬ್ ದುಡ್ಡು ಒಂದೇ ಆಡ್‌ಸೆನ್ಸ್ ಖಾತೆಗೆ ಬರುತ್ತದೆ, ಮೂರು ಪಾಲು ಮಾಡಿ ಕಳಿಸುವ ವ್ಯವಸ್ಥೆ ಅಲ್ಲಿಲ್ಲ. ಹಾಗಾಗಿ ಆಡ್‌ಸೆನ್ಸ್ ಖಾತೆ ಫರ್ಮ್ ಹೆಸರಲ್ಲಿರುತ್ತದೆ. ಖಾತೆಯಲ್ಲಿ ಕೂಡಿದ ಮೊತ್ತ 100 ಡಾಲರ್ ಮುಟ್ಟಿದ ಮೇಲಷ್ಟೇ ದುಡ್ಡು ಬರುವುದು. ದುಡ್ಡು ಬರದ ತಿಂಗಳು ‘ನನ್ನ ಪಾಲು ಎಲ್ಲಿ’ ಎಂದು ಕೇಳುವಂತಿಲ್ಲ.

ಬಂದ ದುಡ್ಡಿನಿಂದ ಮೊದಲು ಬಿಲ್ ಇರುವ ಖರ್ಚು (ಪೆಟ್ರೋಲ್, ಊಟ, ಸಾಫ್ಟ್‌ವೇರ್, ಆಡಿಟರ್ ಫೀ) ಮತ್ತು ತೆರಿಗೆಗೆ ಬೇಕಾದ್ದನ್ನು ತೆಗೆಯಬೇಕು. ಉಳಿದದ್ದರಲ್ಲಿ 10% ಚಾನೆಲ್ ಫಂಡ್‌ಗೆ. ಮಿಕ್ಕಿದ್ದನ್ನು ಎರಡು ಭಾಗ ಮಾಡುತ್ತೇವೆ.

ಮೊದಲ ಅರ್ಧ ಮೂವರಿಗೂ ಸಮ. ಯಾಕೆಂದರೆ ಹಳೆಯ ವಿಡಿಯೋಗಳಿಂದಲೂ ದುಡ್ಡು ಬರುತ್ತಲೇ ಇರುತ್ತದೆ, ಅವು ಮೂವರ ದುಡಿಮೆ. ಕೊಯ್ಲಿನ ತಿಂಗಳಲ್ಲೂ ಬೋಪಣ್ಣನಿಗೆ ಈ ಪಾಲು ಸಿಗುತ್ತದೆ.

ಎರಡನೇ ಅರ್ಧ ಆ ತಿಂಗಳು ಅಪ್‌ಲೋಡ್ ಆದ ವಿಡಿಯೋಗಳ ಕೆಲಸಕ್ಕೆ. ಒಂದು ವಿಡಿಯೋಗೆ 10 ಪಾಯಿಂಟ್: ಶೂಟಿಂಗ್ 4, ಸ್ಕ್ರಿಪ್ಟ್ ಮತ್ತು ದನಿ 3, ಎಡಿಟಿಂಗ್ 3. ಯಾರು ಮಾಡಿದರೋ ಅವರಿಗೆ ಪಾಯಿಂಟ್. ಶೂಟಿಂಗ್‌ಗೆ ಒಂದು ಜಾಸ್ತಿ ಯಾಕೆ ಎಂದು ಇರ್ಫಾನ್ ಕೇಳಿದ್ದ. ಜುಲೈ ಮಳೆಯಲ್ಲಿ ಜಿಗಣೆ ಕಿತ್ತುಕೊಳ್ಳುತ್ತಾ ಕ್ಯಾಮೆರಾ ಹಿಡಿದರೆ ಗೊತ್ತಾಗುತ್ತದೆ ಎಂಬುದು ಬೋಪಣ್ಣನ ಉತ್ತರ. ಇಬ್ಬರೂ ಒಪ್ಪಿ ಬರೆದದ್ದು ಇದು. ಶಾರ್ಟ್ಸ್‌ಗೆ 2 ಪಾಯಿಂಟ್ ಮಾತ್ರ, ಎಡಿಟ್ ಮಾಡಿದವರಿಗೆ. ಯಾವ ವಿಡಿಯೋನೂ ಬರದ ತಿಂಗಳು ಈ ಅರ್ಧವೂ ಸಮ ಪಾಲು.

ಸ್ಪಾನ್ಸರ್ ದುಡ್ಡಿನಲ್ಲಿ 10% ಆ ಸ್ಪಾನ್ಸರ್ ತಂದವರಿಗೆ ಮೊದಲು, ಉಳಿದದ್ದು ಮೇಲಿನ ಲೆಕ್ಕದಂತೆ. ದುಡ್ಡಿನ ಬದಲು ಕಾಫಿಪುಡಿ, ಜೇನು, ಮೊಬೈಲ್ ಬಂದರೂ ಅದು ಫರ್ಮ್‌ನದ್ದೇ, ಆಡಿಟರ್‌ಗೆ ಹೇಳಲೇಬೇಕು. ಜೇನು ಮಾತ್ರ ಹಂಚಿಕೊಂಡು ತಿನ್ನಬಹುದು.

ಇರ್ಫಾನ್ ಪ್ರತಿ ತಿಂಗಳು 5ರೊಳಗೆ ಹಿಂದಿನ ತಿಂಗಳ ಲೆಕ್ಕ ಕಳಿಸಬೇಕು. 10 ದಿನದಲ್ಲಿ ಯಾರೂ ತಕರಾರು ತೆಗೆಯದಿದ್ದರೆ ಅದು ಒಪ್ಪಿದ ಲೆಕ್ಕ. ದುಡ್ಡು ಬ್ಯಾಂಕಿಗೆ ಬಂದ ಒಂದು ವಾರದಲ್ಲಿ ಪಾಲು ಕೊಡಬೇಕು.

4. ಯಾವುದು ಯಾರದ್ದು

ಚಾನೆಲ್, ಹೆಸರು, ಲೋಗೋ ಫರ್ಮ್‌ನವು. ಚಾನೆಲ್ ಬ್ರ್ಯಾಂಡ್ ಅಕೌಂಟ್‌ನಲ್ಲಿದೆ. ಅಕ್ಷತಾ ಪ್ರೈಮರಿ ಓನರ್, ಉಳಿದಿಬ್ಬರೂ ಓನರ್. ಪ್ರೈಮರಿ ಓನರ್ ಆಗಿರುವುದರಿಂದ ಅವಳಿಗೆ ಹೆಚ್ಚಿನ ಹಕ್ಕೇನೂ ಬರುವುದಿಲ್ಲ. ಉಳಿದವರನ್ನು ಕೇಳದೆ ಒಬ್ಬರನ್ನು ತೆಗೆಯುವುದು, ವಿಡಿಯೋ ಅಳಿಸುವುದು, ಆಡ್‌ಸೆನ್ಸ್ ಬದಲಿಸುವುದು ಈ ಒಪ್ಪಂದವನ್ನು ಮುರಿದಂತೆ.

ಚಾನೆಲ್‌ಗಾಗಿ ಮಾಡಿದ ವಿಡಿಯೋ, ಸ್ಕ್ರಿಪ್ಟ್, ದನಿ, ಫೋಟೋಗಳ ಕಾಪಿರೈಟನ್ನು ಮೂವರೂ ಈ ಬರಹದ ಮೂಲಕ ಫರ್ಮ್‌ಗೆ ಬರೆದುಕೊಟ್ಟಿದ್ದೇವೆ: ಕಾಪಿರೈಟ್ ಇರುವಷ್ಟು ಕಾಲಕ್ಕೂ, ಇಡೀ ಜಗತ್ತಿಗೂ. ಹೀಗೆ ಬಿಡಿಸಿ ಬರೆಯದಿದ್ದರೆ 1957ರ ಕಾಯ್ದೆ ಅದನ್ನು 5 ವರ್ಷಕ್ಕೆ, ಭಾರತಕ್ಕೆ ಮಾತ್ರ ಎಂದು ಹಿಡಿಯುತ್ತದೆ. ಫರ್ಮ್ ಒಂದು ವರ್ಷ ಬಳಸದಿದ್ದರೂ ಈ ಹಕ್ಕು ಹೋಗುವುದಿಲ್ಲ.

ಕ್ಯಾಮೆರಾ, ಲೆನ್ಸ್ ಬೋಪಣ್ಣನವು, ಲ್ಯಾಪ್‌ಟಾಪ್ ಇರ್ಫಾನ್‌ನದ್ದು. ಶೂಟಿಂಗ್ ಹೊತ್ತಲ್ಲಿ ಕೆಟ್ಟರೆ ರಿಪೇರಿ ಫಂಡ್‌ನಿಂದ. ಮೈಕ್, ಡ್ರೋನ್ ಮೂವರದ್ದು. ರಾ ಫೂಟೇಜ್ ಎರಡು ಹಾರ್ಡ್ ಡಿಸ್ಕ್‌ನಲ್ಲಿರಬೇಕು, ಒಂದು ಮಡಿಕೇರಿಯಲ್ಲಿ, ಇನ್ನೊಂದು ಕುಶಾಲನಗರದಲ್ಲಿ.

ಬೋಪಣ್ಣನ ಐನ್‌ಮನೆಯಲ್ಲಿ ಪುತ್ತರಿಯಂದು ತೆಗೆದ ವಿಡಿಯೋಗೆ ಬೇರೆ ನಿಯಮ. ಒಕ್ಕದ ಹಿರಿಯರು ತೆಗೆಯಿರಿ ಎಂದರೆ, ಎಷ್ಟೇ ವ್ಯೂಸ್ ಇದ್ದರೂ, 7 ದಿನದಲ್ಲಿ ತೆಗೆಯಬೇಕು.

5. ಬಿಟ್ಟು ಹೋಗುವುದಾದರೆ

ಯಾರು ಬೇಕಾದರೂ 60 ದಿನ ಮೊದಲು ಬರಹದಲ್ಲಿ ತಿಳಿಸಿ ಹೋಗಬಹುದು. ವಾಟ್ಸ್ಆ್ಯಪ್ ಗ್ರೂಪಿನಿಂದ ಎಕ್ಸಿಟ್ ಆದರೆ ಅದು ನೋಟಿಸ್ ಅಲ್ಲ. ಒಬ್ಬರು ಹೋದರೂ ಉಳಿದಿಬ್ಬರು ಫರ್ಮ್ ಮುಂದುವರಿಸಬಹುದು.

ಹೋಗುವವರಿಗೆ ಸಿಗುವುದು: ಅಲ್ಲಿಯವರೆಗಿನ ಬಾಕಿ, ಫಂಡ್‌ನಲ್ಲಿ ಮೂರನೇ ಒಂದು ಪಾಲು, ಜಂಟಿ ಸಾಮಾನಿಗೆ ಅಂದಿನ ಸೆಕೆಂಡ್ ಹ್ಯಾಂಡ್ ಬೆಲೆಯಲ್ಲಿ ಮೂರನೇ ಒಂದು ಪಾಲು. ಜೊತೆಗೆ, ಅವರು ದುಡಿದ ವಿಡಿಯೋಗಳಿಂದ ಮುಂದಿನ 12 ತಿಂಗಳು ಬರುವ ಜಾಹೀರಾತಿನ ದುಡ್ಡಿನಲ್ಲಿ, ಖರ್ಚು ತೆರಿಗೆ ಕಳೆದು, 6ರಲ್ಲಿ 1 ಪಾಲು. ಆಮೇಲೆ ಏನೂ ಇಲ್ಲ. ಹಳೆಯ ವಿಡಿಯೋಗಳಲ್ಲಿ ಅವರ ಮುಖ, ದನಿ ಹಾಗೇ ಇರುತ್ತವೆ.

ಹೋಗುವವರು ಅಕ್ಷತಾ ಆದರೆ, ನೋಟಿಸ್ ಮುಗಿಯುವ ಮೊದಲೇ ಪ್ರೈಮರಿ ಓನರ್ ಹೊಣೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕು. ಅದು ಆಗುವ ತನಕ ಮೇಲಿನ ದುಡ್ಡು ಕೊಡುವುದಿಲ್ಲ.

ಹೋದವರು ಮರುದಿನವೇ ಸ್ವಂತ ಚಾನೆಲ್ ಶುರು ಮಾಡಬಹುದು, ಕೊಡಗಿನ ಬಗ್ಗೆಯೇ ಮಾಡಬಹುದು. ಮಂಜು, ಕಾಫಿ ಹೂವು, ಪಂದಿಕರಿ ನಮ್ಮ ಮೂವರ ಸ್ವತ್ತಲ್ಲ. ಆದರೆ ‘ತೋಟದಾಚೆ’ ಹೆಸರು, ಅದನ್ನು ಹೋಲುವ ಹೆಸರು, ಲೋಗೋ, ಫೂಟೇಜ್ ಬಳಸಬಾರದು.

ದುಡ್ಡು ಮುಚ್ಚಿಟ್ಟರೆ, ಚಾನೆಲ್ ಕೈವಶ ಮಾಡಿಕೊಳ್ಳಲು ನೋಡಿದರೆ, ಇಲ್ಲವೇ ಕೊಯ್ಲು, ಕಾಯಿಲೆ, ಹೆರಿಗೆ ಬಿಟ್ಟು ಬೇರೆ ಕಾರಣಕ್ಕೆ ಸತತ 3 ತಿಂಗಳು ಕೆಲಸ ಮಾಡದಿದ್ದರೆ, ಉಳಿದಿಬ್ಬರು 30 ದಿನದ ನೋಟಿಸ್ ಕೊಟ್ಟು ಹೊರಗೆ ಕಳಿಸಬಹುದು. ಮೊದಲೆರಡು ಕಾರಣಕ್ಕೆ ಹೋದವರಿಗೆ 12 ತಿಂಗಳ ಪಾಲು ಇಲ್ಲ. ಯಾರಾದರೂ ತೀರಿಕೊಂಡರೆ, ಬಿಟ್ಟು ಹೋದವರಿಗೆ ಸಿಗುವಷ್ಟೂ ಅವರ ವಾರಸುದಾರರಿಗೆ.

6. ತಕರಾರು, ತಿದ್ದುಪಡಿ

ತಕರಾರು ಬಂದರೆ ಮೊದಲು ಮೂವರೂ ಎದುರುಬದುರು ಕೂತು ಮಾತಾಡಬೇಕು, ಫೋನಿನಲ್ಲಲ್ಲ. 15 ದಿನದಲ್ಲಿ ಬಗೆಹರಿಯದಿದ್ದರೆ ಮೂವರೂ ಒಪ್ಪುವ ಒಬ್ಬ ಹಿರಿಯರ ಮುಂದೆ. ಅಲ್ಲೂ ಆಗದಿದ್ದರೆ ಮಡಿಕೇರಿ ಕೋರ್ಟು. ಅಲ್ಲಿಯವರೆಗೆ ಚಾನೆಲ್ ಬಗ್ಗೆ ಯಾರೂ ಹೊರಗೆ ಪೋಸ್ಟ್ ಹಾಕಬಾರದು. ಮೂವರ ಸಹಿ ಇಲ್ಲದೆ ಈ ಒಪ್ಪಂದ ಬದಲಾಗುವುದಿಲ್ಲ. ಪಾಯಿಂಟ್ ಲೆಕ್ಕವನ್ನು ಮಾತ್ರ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕೂತು ಮತ್ತೆ ನೋಡುತ್ತೇವೆ.

ಇ-ಸ್ಟಾಂಪ್ ಕಾಗದದಲ್ಲಿ ಬರೆಸಿ, ಓದಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದ್ದೇವೆ. ಮೂಲ ಪ್ರತಿ ಫರ್ಮ್ ಫೈಲಿನಲ್ಲಿ, ನಕಲು ಮೂವರ ಹತ್ತಿರ.

ಸಹಿ: ಬೋಪಣ್ಣ, ಅಕ್ಷತಾ, ಇರ್ಫಾನ್