ಬಾಗಿದೆ ತಲೆ: ಒಂದು ಭಜನೆ, ಸರಳ ಅರ್ಥದೊಂದಿಗೆ

ಪಲ್ಲವಿ
ಬಾಗಿದೆ ತಲೆ, ಇನ್ನು ನೀನೇ ನಡೆಸಯ್ಯ
ಸಾಗುವ ದಾರಿಯ ನಾನೇನು ಬಲ್ಲೆನಯ್ಯ

ಚರಣ
ಕೊಟ್ಟದ್ದು ನಿನ್ನದು, ಕೊಟ್ಟೆನೆಂದೆ ನಾನು
ಕಟ್ಟಿದೆ ನಿನ್ನ ನೆಲದಿ, ನನ್ನ ಮನೆಯೆಂದೆನು
ಒಟ್ಟಿದ ಮಣ್ಣಿಗೆ ಇಷ್ಟೊಂದು ಹಮ್ಮೇನು
ಬಿಟ್ಟೆನು, ಹಿಡಿದುಕೋ ಬೀಳದಂತೆ ನೀನು

ಪಲ್ಲವಿಯೆಂದರೆ ಮತ್ತೆ ಮತ್ತೆ ಹಾಡುವ ಭಾಗ. ಇಲ್ಲಿ ಭಕ್ತನು ಸಂಪತ್ತು ಬೇಡುವುದಿಲ್ಲ, ದಾರಿ ತಿಳಿಯದೆಂದು ಒಪ್ಪಿಕೊಳ್ಳುತ್ತಾನೆ, ಅಷ್ಟೆ.

ಚರಣದ ಮೊದಲ ಸಾಲು ಸ್ವಲ್ಪ ಚುಚ್ಚುತ್ತದೆ. ದಾನ ಮಾಡಿದವನಿಗೂ ‘ಕೊಟ್ಟವನು ನಾನು’ ಎಂಬ ಹೆಮ್ಮೆ ಅಂಟಿಕೊಳ್ಳುತ್ತದೆ. ಕೊಟ್ಟ ವಸ್ತುವೇ ದೇವರದ್ದಾದರೆ ಆ ಹೆಮ್ಮೆಗೆ ಆಧಾರವೆಲ್ಲಿ? ‘ಒಟ್ಟಿದ ಮಣ್ಣು’ ಈ ದೇಹ. ಹಮ್ಮು ಎಂದರೆ ಅಹಂಕಾರ.

‘ಬಿಟ್ಟೆನು’ ಎಂದಾಗ ಬಿಟ್ಟಿದ್ದು ಕೆಲಸವನ್ನಲ್ಲ, ‘ನನ್ನಿಂದಲೇ ಎಲ್ಲ’ ಎಂಬ ಹಟವನ್ನು. ಶರಣಾಗತಿಯನ್ನು ಸೋಮಾರಿತನವೆಂದು ತಿಳಿಯುವವರು ಎಡವುವುದು ಇಲ್ಲಿಯೇ. ದೇವರನ್ನು ‘ನೀನು’ ಎನ್ನುವುದು ಅಗೌರವವಲ್ಲ, ಸಲಿಗೆ.

ಅಂದ ಹಾಗೆ, ಕೊಟ್ಟ, ಕಟ್ಟಿ, ಒಟ್ಟಿ, ಬಿಟ್ಟೆ: ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದುತ್ತದೆ. ಇದು ಆದಿಪ್ರಾಸ, ಹಾಡು ಬಾಯಿಪಾಠವಾಗಲು ಬಹಳ ಸಹಾಯಕ.