ನನ್ನ ಮೆಚ್ಚಿನ ಹಬ್ಬ: ಬರೆಯಲು ಶುರು ಮಾಡೋಣ (3ನೇ ತರಗತಿ)

ಮಕ್ಕಳೇ, ಇವತ್ತು ನಿಮಗೆ ತುಂಬಾ ಇಷ್ಟವಾದ ಹಬ್ಬದ ಬಗ್ಗೆ ಒಂದು ಪ್ಯಾರಾ ಬರೆಯಬೇಕು. 6ರಿಂದ 8 ವಾಕ್ಯ ಸಾಕು. ಯಾವ ಹಬ್ಬವಾದರೂ ಸರಿ, ಆದರೆ ಒಂದೇ ಹಬ್ಬ. ಪಕ್ಕದವರು ಯಾವುದು ಬರೆಯುತ್ತಿದ್ದಾರೆ ಎಂದು ಇಣುಕಬೇಡಿ!

ಮೊದಲ ವಾಕ್ಯ

ಯಾವ ಹಬ್ಬ ಎಂದು ಇಲ್ಲೇ ಹೇಳಿಬಿಡಿ. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಮುಂದುವರಿಸಿ.

- ನನಗೆ ತುಂಬಾ ಇಷ್ಟವಾದ ಹಬ್ಬ ಎಂದರೆ…
- ವರ್ಷವಿಡೀ ನಾನು ಕಾಯುವ ಹಬ್ಬ…
- ಯಾವ ಹಬ್ಬ ಇಷ್ಟ ಎಂದು ಯಾರಾದರೂ ಕೇಳಿದರೆ ನಾನು ಥಟ್ಟನೆ ಹೇಳುವುದು…

ಹಬ್ಬದ ಹಿಂದಿನ ದಿನ

ಮನೆಯಲ್ಲಿ ಯಾರು ಏನು ಮಾಡುತ್ತಾರೆ? ನಿಮಗೆ ಯಾವ ಕೆಲಸ ಹೇಳುತ್ತಾರೆ? ಒಂದೆರಡು ವಾಕ್ಯ ಬರೆದು ಮುಂದೆ ಹೋಗಿ.

- ಹಬ್ಬ ಹತ್ತಿರ ಬಂತು ಎಂದು ನನಗೆ ಗೊತ್ತಾಗುವುದು…
- ಹಿಂದಿನ ದಿನವೇ ನಾವೆಲ್ಲ ಸೇರಿ…

ಹಬ್ಬದ ದಿನ

ಇಲ್ಲಿ ಜಾಸ್ತಿ ಬರೆಯಿರಿ. ಒಂದು ನಿಮಿಷ ಕಣ್ಣು ಮುಚ್ಚಿ, ಆ ದಿನ ನೆನಪಿಸಿಕೊಳ್ಳಿ. ಏನು ಕಾಣಿಸುತ್ತದೆ? ಯಾವ ಸದ್ದು ಕೇಳಿಸುತ್ತದೆ? ಅಡುಗೆಮನೆಯಿಂದ ಎಂಥ ಪರಿಮಳ ಬರುತ್ತದೆ? ಯಾರು ಬಂದರೆ ನೀವು ಬಾಗಿಲಿಗೆ ಓಡುತ್ತೀರಿ?

- ಬೆಳಿಗ್ಗೆ ಎದ್ದ ಕೂಡಲೇ…
- ಆಮೇಲೆ ಮನೆಯವರೆಲ್ಲ…
- ಎಲ್ಲಕ್ಕಿಂತ ಮಜಾ ಬರುವುದು ಯಾವಾಗ ಎಂದರೆ…
- ಕಳೆದ ಸಲ ಒಂದು ತಮಾಷೆ ನಡೆಯಿತು. ಏನಾಯಿತೆಂದರೆ…

‘ತುಂಬಾ ಮಜಾ ಬಂತು’ ಎಂದು ಎಲ್ಲರೂ ಬರೆಯುತ್ತಾರೆ, ಅಲ್ವಾ? ಅಷ್ಟಕ್ಕೇ ನಿಲ್ಲಿಸಬೇಡಿ. ಏನು ನಡೆಯಿತು ಎಂದು ಬರೆಯಿರಿ. ಈ ಎರಡನ್ನೂ ಓದಿ ನೋಡಿ:

*ತಂಗಿಗೆ ಹೊಸ ಬಟ್ಟೆ ತುಂಬಾ ಇಷ್ಟವಾಯಿತು.*

*ತಂಗಿ ಹೊಸ ಫ್ರಾಕ್ ಹಾಕಿಕೊಂಡು ಕನ್ನಡಿ ಮುಂದೆಯೇ ನಿಂತುಬಿಟ್ಟಳು. ಅಮ್ಮ ಊಟಕ್ಕೆ ಕರೆದರೂ ಬರಲಿಲ್ಲ. ಕೊನೆಗೆ ಅಪ್ಪ ಎತ್ತಿಕೊಂಡು ಬಂದರು.*

ಎರಡನೆಯದರಲ್ಲಿ ತಂಗಿ ಕಣ್ಣಿಗೆ ಕಾಣುತ್ತಾಳೆ. ‘ಇಷ್ಟ’ ಎಂಬ ಮಾತೇ ಅಲ್ಲಿಲ್ಲ, ಆದರೂ ನಮಗೆ ಗೊತ್ತಾಗುತ್ತದೆ. ನಿಮ್ಮ ಹಬ್ಬದಲ್ಲೂ ಇಂಥ ಒಂದು ಸಂಗತಿ ಹುಡುಕಿ. ಸಣ್ಣದಾದರೂ ಪರವಾಗಿಲ್ಲ. ಬೇಸರ ಆಗಿದ್ದರೆ ಅದನ್ನೂ ಬರೆಯಬಹುದು. ಮಳೆ ಬಂದಿರಬಹುದು, ಜ್ವರ ಬಂದು ಮಲಗಿರಬಹುದು.

ಕೊನೆಯ ವಾಕ್ಯ

- ರಾತ್ರಿ ಮಲಗುವಾಗ ನಾನು…
- ಮುಂದಿನ ವರ್ಷ ಈ ಹಬ್ಬಕ್ಕೆ ನಾನು…

ಬರೆದ ಮೇಲೆ

ಮೆಲ್ಲಗೆ ಬಾಯಿಬಿಟ್ಟು ಓದಿ. ಪ್ರತಿ ವಾಕ್ಯದ ಕೊನೆಗೆ ಚುಕ್ಕಿ ಇದೆಯಾ? ಎಲ್ಲ ವಾಕ್ಯವೂ ‘ಆಮೇಲೆ’ ಎಂದೇ ಶುರುವಾಗಿದ್ದರೆ ಕೆಲವು ಕಡೆ ‘ಅಷ್ಟರಲ್ಲಿ’, ‘ಮಧ್ಯಾಹ್ನ’, ‘ಸಂಜೆಯಾದಾಗ’ ಎಂದು ಬದಲಿಸಿ. ಕಾಗುಣಿತ ಗೊತ್ತಾಗದಿದ್ದರೆ ಸುಮ್ನೆ ಕೂರಬೇಡಿ, ತೋಚಿದಂತೆ ಬರೆದು ಅಡಿಗೆರೆ ಹಾಕಿ. ಆಮೇಲೆ ಒಟ್ಟಿಗೆ ನೋಡೋಣ.

ಚಿತ್ರ ಬರೆಯುವ ಆಸೆ ಇದ್ದವರು ಹಾಳೆಯ ಹಿಂದೆ ಬರೆಯಿರಿ. ಆದರೆ ಪ್ಯಾರಾ ಮುಗಿದ ಮೇಲೆ!